ಎಣ್ಣೆಗಾಯಿಯಲ್ಲಿ ಹುಳು: ಕ್ಷಮೆ ಕೇಳಿ ಗಿರಾಕಿ ಉಳಿಸಿಕೊಂಡ ನನ್ನ ಅನುಭವ

ಕ್ಷಮೆ ಕೇಳಿದರೆ ಖಾನಾವಳಿ ಮುಚ್ಚಬೇಕಾಗುತ್ತದೆ ಎಂದಿದ್ದವರಲ್ಲಿ ಇಬ್ಬರು ಈಗ ನಾನು ಹಾಕಿದ ಕ್ಷಮೆಯ ಪೋಸ್ಟ್ ತರಿಸಿಕೊಂಡು ಫೋನಿನಲ್ಲಿ ಇಟ್ಟುಕೊಂಡಿದ್ದಾರೆ. ಇಬ್ಬರೂ ಬಳ್ಳಾರಿಯಲ್ಲಿ ನನಗಿಂತ ದೊಡ್ಡ ಹೋಟೆಲ್ ನಡೆಸುವವರು. ಹಂಗಾದ್ರೆ ಉಳಿದವರಿಗೂ ಹೇಳೋಣ ಅನ್ನಿಸಿತು.

ಆ ವಿಡಿಯೊ ನಿಮ್ಮಲ್ಲಿ ಕೆಲವರಿಗಾದರೂ ಬಂದಿರುತ್ತದೆ. ಭಾನುವಾರದ ರೊಟ್ಟಿ ಊಟ, ತಟ್ಟೆಯಲ್ಲಿ ಎಣ್ಣೆಗಾಯಿ, ಬದನೆಕಾಯಿಯ ತೊಟ್ಟಿನ ಬುಡದಲ್ಲಿ ಬೆಂದ ಹುಳು. ಮುಕ್ಕಾಲು ನಿಮಿಷದ ವಿಡಿಯೊದಲ್ಲಿ ಹುಳು ಕಾಣುವುದು ಶುರುವಿನಲ್ಲಿ ಸ್ವಲ್ಪ ಹೊತ್ತು ಮಾತ್ರ. ಉಳಿದದ್ದೆಲ್ಲ ಬಡಿಸುವ ಹುಡುಗನ ಮಾತು: "ಬದನಿಕಾಯಾಗ ಹುಳ ಇರ್ದ ಇನ್ನೇನ್ ಇರ್ತೈತ್ರಿ ಸರ?" ರಾತ್ರಿಯೊಳಗೆ ಅದು ಸಿರುಗುಪ್ಪ, ಹೊಸಪೇಟೆಯ ಗುಂಪುಗಳಿಗೂ ಹೋಯಿತು. ಹುಡುಗನ ಮಾತಿಗೆ ಹಾಡು ಸೇರಿಸಿ ಸ್ಟೇಟಸ್ ಹಾಕಿಕೊಂಡರು.

ದಿನಕ್ಕೆ ಮೂವತ್ತೈದು ನಲವತ್ತು ಸಾವಿರ ಆಗುತ್ತಿದ್ದ ವ್ಯಾಪಾರ ಮಂಗಳವಾರ ಹನ್ನೊಂದು ಸಾವಿರಕ್ಕೆ ಬಂತು. ಪಾರ್ಸೆಲ್ ಅಂತೂ ಪೂರ್ತಿ ನಿಂತಿತು.

ಮೊದಲ ಪೋಸ್ಟ್ ಹಾಕಿದ್ದು ನನ್ನ ಭಾವಮೈದ. ಕೆಲವು ಕಿಡಿಗೇಡಿಗಳು ನಮ್ಮ ಹೆಸರು ಕೆಡಿಸುತ್ತಿದ್ದಾರೆ, ಯಾರಿಗಾದರೂ ಬೇಸರವಾಗಿದ್ದರೆ ವಿಷಾದಿಸುತ್ತೇವೆ ಅಂತ. ಕೆಳಗೆ ಮುನ್ನೂರರ ಹತ್ತಿರ ಕಮೆಂಟ್ ಬಿದ್ದವು. ಅರ್ಧಕ್ಕರ್ಧ ಜನ ಹುಡುಗನ ಮಾತನ್ನೇ ನಮಗೆ ತಿರುಗಿಸಿ ಬರೆದಿದ್ದರು. ಭಾವಮೈದ ಹೆದರಿ ಪೋಸ್ಟ್ ಅಳಿಸಿದ. ಅಳಿಸಿದ ಮೇಲೆ ಅದರ ಸ್ಕ್ರೀನ್‌ಶಾಟ್ ಇನ್ನೂ ಜಾಸ್ತಿ ಓಡಾಡಿತು.

ಎರಡನೆಯದು ದುಡ್ಡು ಕೊಟ್ಟು ಮಾಡಿಸಿದ್ದು. ಪ್ರಚಾರದ ಕೆಲಸ ಮಾಡುವ ಒಬ್ಬರು ಮೂರು ಸಾವಿರ ತಗೊಂಡರು. ಕೈಮುಗಿದ ಚಿತ್ರ, "ಗ್ರಾಹಕರೇ ನಮ್ಮ ದೇವರು", ಕೊನೆಗೆ ಒಂದು ವಾರ ಶೇ. 10 ರಿಯಾಯಿತಿ. ಮೊದಲ ಕಮೆಂಟೇ "ಹುಳಕ್ಕೂ ರಿಯಾಯಿತಿ ಐತಾ?" ಇನ್ನೊಬ್ಬ ಹದಿನೈದು ಸಾವಿರ ಕೊಟ್ಟರೆ ಒಂದು ಪೇಜಿನಿಂದ ವಿಡಿಯೊ ತೆಗೆಸುತ್ತೇನೆ ಎಂದ. ಕೊಡಲಿಲ್ಲ. ಊರವರ ಫೋನಿನಲ್ಲೆಲ್ಲ ಇದ್ದದ್ದನ್ನು ಅವನು ಹೇಗೆ ತೆಗೆಸುತ್ತಾನೆ?

ಆಮೇಲೆ ನಾನೇ ಕೂತು ಎಲ್ಲ ಕಮೆಂಟ್ ಓದಿದೆ. ಹುಳುವಿಗೆ ಸಿಟ್ಟಾದವರು ಕಡಿಮೆ. ಬದನೆಕಾಯಿಯಲ್ಲಿ ನಮ್ಮನೆಯಲ್ಲೂ ಬರುತ್ತದೆ ಎಂದು ಬರೆದ ಹೆಂಗಸರೂ ಇದ್ದರು. ಸಿಟ್ಟೆಲ್ಲ ಆ ಉತ್ತರದ ಮೇಲೆ. ನಮ್ಮ ಎರಡೂ ಪೋಸ್ಟಿನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಮೂರನೆಯದರಲ್ಲಿ ಹುಳುವಿನಷ್ಟೇ ಜಾಗ ಆ ಮಾತಿಗೂ ಕೊಡಬೇಕು ಎಂದು ಗಟ್ಟಿ ಮಾಡಿಕೊಂಡೆ.

ವಕೀಲರು ಒಪ್ಪಲಿಲ್ಲ. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಹುಳು ಬಿದ್ದ ಆಹಾರವೂ ಅಸುರಕ್ಷಿತ ಆಹಾರದ ಲೆಕ್ಕಕ್ಕೇ ಬರುತ್ತದೆ, ಬರೆದುಕೊಟ್ಟರೆ ಸಾಕ್ಷಿ ಆಗುತ್ತದೆ ಎಂದರು. ಹುಳು ವಿಡಿಯೊದಲ್ಲೇ ಇದೆಯಲ್ಲ ಸರ್ ಎಂದೆ. ಕೊನೆಗೆ ರಾಜಿ ಆಯಿತು. ಕಂಡದ್ದನ್ನು ಕಂಡ ಹಾಗೆ ಬರೆಯುವುದು, ಕಾಯ್ದೆಯ ಪದ ಒಂದೂ ಬಳಸದಿರುವುದು. ಲೈಸೆನ್ಸ್ ನಂಬರ್ ಹಾಕೋಣ ಎಂದು ಭಾವಮೈದ ಹಟ ಮಾಡಿದ. ಗೋಡೆಯ ಮೇಲೆ ಇದೆ, ಸಾಕು ಎಂದೆ. ಕ್ಷಮೆಯ ಮಧ್ಯೆ ಹದಿನಾಲ್ಕು ಅಂಕಿ ಬಂದರೆ ಜಗಳಕ್ಕೆ ನಿಂತ ಹಾಗೆ ಕಾಣುತ್ತದೆ. ಹುಡುಗನನ್ನು ಕೆಲಸದಿಂದ ತೆಗೆದು ಅದನ್ನೂ ಪೋಸ್ಟಿನಲ್ಲಿ ಹಾಕು ಎಂದವರು ಬಹಳ. ಅವನು ಈಗಲೂ ನಮ್ಮಲ್ಲೇ ಇದ್ದಾನೆ.

ಪೋಸ್ಟ್ ಬರೆಯುವ ಮೊದಲು ಹುಳು ಎಲ್ಲಿಂದ ಬಂತು ಅಂತ ಗೊತ್ತಾಗಬೇಕಲ್ಲ. ಅವತ್ತಿನ ಚೀಲದಲ್ಲಿ ಉಳಿದಿದ್ದ ನಾಕೈದು ಕಿಲೋ ಕಾಯಿ ಸೀಳಿಸಿದೆ. ಕಾಯಿ ಕೊರಕ ಹುಳು ಮರಿಯಾಗಿದ್ದಾಗಲೇ ತೊಟ್ಟಿನ ಟೊಪ್ಪಿಗೆಯ ಕೆಳಗೆ ಕೊರೆದು ಒಳಗೆ ಸೇರುತ್ತದೆ. ಹೋದ ತೂತನ್ನು ತನ್ನ ಹಿಕ್ಕೆಯಿಂದಲೇ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ಕಾಯಿ ಮಿರಿಮಿರಿ ಮಿಂಚುತ್ತಿರುತ್ತದೆ. ಪಲ್ಯಕ್ಕಾದರೆ ತುಂಡು ಮಾಡುವಾಗ ಸಿಕ್ಕಿಬೀಳುತ್ತದೆ. ಎಣ್ಣೆಗಾಯಿಗೆ ತೊಟ್ಟು ಬಿಟ್ಟು ನಾಲ್ಕು ಸೀಳು ಹಾಕುತ್ತೇವೆ, ಹುಳು ಕೂತಿರುವ ಜಾಗ ಮಾತ್ರ ಬಿಚ್ಚುವುದೇ ಇಲ್ಲ. ಈಗ ಟೊಪ್ಪಿಗೆ ಎತ್ತಿ, ಬೆರಳಿನಿಂದ ಸೀಳು ಅಗಲಿಸಿ, ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡುತ್ತೇವೆ. ಒಳಗೆ ಕಂದು ಗೆರೆ ಕಂಡರೆ ಕಾಯಿ ಹೊರಗೆ. ಆಮೇಲೆ ಉಪ್ಪು ನೀರು. ಆ ನೀರಿಗೆ ಇನ್ನೊಂದು ಹಾಕುತ್ತೇವೆ, ಅದು ನಮ್ಮಲ್ಲೇ ಇರಲಿ. ಈ ಕೆಲಸಕ್ಕೆ ಒಬ್ಬ ಹೆಣ್ಣಾಳು ಜಾಸ್ತಿ, ತಿಂಗಳಿಗೆ ಎಂಟು ಸಾವಿರ. ಕಿಲೋಗೆ ಎರಡು ಮೂರು ಕಾಯಿ ದಂಡ.

ಕೊನೆಗೆ ಹಾಕಿದ್ದು ಇದು:

"ಭಾನುವಾರ ನಮ್ಮ ಎಣ್ಣೆಗಾಯಿಯಲ್ಲಿ ಹುಳು ಬಂದದ್ದು ನಿಜ. ವಿಡಿಯೊ ಸುಳ್ಳಲ್ಲ. ಊಟಕ್ಕೆ ಬಂದವರು ತೋರಿಸಿದಾಗ ತಟ್ಟೆ ತೆಗೆದು ಕ್ಷಮೆ ಕೇಳಬೇಕಿತ್ತು. ಅದರ ಬದಲು ಹುಳು ಇರುವುದೇ ಹಾಗೆ ಎಂಬ ಉತ್ತರ ನಮ್ಮ ಖಾನಾವಳಿಯಿಂದ ಬಂತು. ಹುಳುವಿಗೂ ಆ ಮಾತಿಗೂ ಆ ಕುಟುಂಬದವರಲ್ಲಿ ಮತ್ತು ನಿಮ್ಮೆಲ್ಲರಲ್ಲಿ ಕ್ಷಮೆ ಕೇಳುತ್ತೇನೆ. ತೊಟ್ಟು ಬಿಡಿಸಿ ನೋಡದೆ ಕಾಯಿ ತುಂಬಿದ್ದರಿಂದ ಹೀಗಾಯಿತು. ಪ್ರತಿ ಕಾಯಿ ಬಿಡಿಸಿ ನೋಡುವ ವ್ಯವಸ್ಥೆ ಆಗುವವರೆಗೆ ಎಣ್ಣೆಗಾಯಿ ಮಾಡುವುದಿಲ್ಲ. ಸಂಜೆ 4ರಿಂದ 6ರವರೆಗೆ ಅಡುಗೆಮನೆಗೆ ಯಾರು ಬೇಕಾದರೂ ಬಂದು ನೋಡಬಹುದು."

ಕೆಳಗೆ ನನ್ನ ಹೆಸರು, ನನ್ನದೇ ಫೋನ್ ನಂಬರ್. ಮೊದಲು "ಕೇಳುತ್ತೇವೆ" ಅಂತಿತ್ತು. ಹೆಸರು ಒಬ್ಬನದು ಇದ್ದ ಮೇಲೆ "ಕೇಳುತ್ತೇನೆ" ಎಂದೇ ಇರಲಿ ಎಂದು ತಿದ್ದಿದೆ. ಹುಡುಗನ ಮಾತನ್ನು ನಮ್ಮೂರಿನ ಭಾಷೆಯಲ್ಲಿ ಹಾಗ್ಹಾಗೇ ಹಾಕಲಿಲ್ಲ, ಹಾಕಿದ್ದರೆ ಮತ್ತೆ ನಗೆಪಾಟಲು. ರಿಯಾಯಿತಿ ಇಲ್ಲ, ದೇವರೂ ಇಲ್ಲ. ಇಪ್ಪತ್ತು ವರ್ಷದ ಹೆಸರು ಅಂತ ಒಂದು ಸಾಲು ಬರೆದಿದ್ದೆ, ನನ್ನ ಹೆಂಡತಿ ಓದಿ ಹೊಡೆದುಹಾಕಿದಳು. ಆ ಕುಟುಂಬಕ್ಕೆ ಮೊದಲು ಫೋನ್ ಮಾಡಿ, ಓದಿ ಹೇಳಿ, ಆಮೇಲೆ ಹಾಕಿದ್ದು. ಫೋನಿನಲ್ಲಿ ಏನು ಮಾತಾಡಿದೆ ಎಂದು ಕೇಳಬೇಡಿ.

ಇನ್ನೊಂದು. ಉದ್ದ ಬರಹ ವಾಟ್ಸಾಪಿನಲ್ಲಿ ಅರ್ಧಕ್ಕೆ ಮಡಚಿಕೊಳ್ಳುತ್ತದೆ, ಮುಂದೆ ಒತ್ತಿ ಓದುವವರು ಕಡಿಮೆ. ಅದಕ್ಕೇ ಹುಳು ಮೊದಲ ಸಾಲಿನಲ್ಲೇ ಇದೆ. ನಮ್ಮಲ್ಲಿ ತೆಲುಗು ಮಾತಾಡುವ ಗಿರಾಕಿಗಳು ಜಾಸ್ತಿ ಅಲ್ವಾ, ಕ್ಯಾಶ್ ಕೌಂಟರಿನ ಅಕ್ಕನಿಂದ ಅದನ್ನೇ ತೆಲುಗಿನಲ್ಲಿ ಹೇಳಿಸಿ ವಾಯ್ಸ್ ಮೆಸೇಜ್ ಬಿಟ್ಟೆ. ಸುಮ್ನೆ ನೋಡೋಣ ಅಂತ ಮಾಡಿದ್ದು. ಬರೆದದ್ದಕ್ಕಿಂತ ಅದೇ ಜಾಸ್ತಿ ಓಡಾಡಿತು. ನಾನೇ ಮಾತಾಡಿದ ವಿಡಿಯೊ ಕೂಡ ಮಾಡಿ ನೋಡಿದೆ. ಮುಖ ನೋಡಿದರೆ ಸಾಲ ಕೊಟ್ಟವನ ಮುಂದೆ ನಿಂತ ಹಾಗಿತ್ತು, ಅದು ಹೊರಗೆ ಬರಲಿಲ್ಲ.

ಆಹಾರ ಸುರಕ್ಷತಾ ಅಧಿಕಾರಿಗಳೂ ಬಂದರು. ಅವತ್ತಿನ ಎಣ್ಣೆಗಾಯಿ ಎಲ್ಲಿರುತ್ತದೆ? ಮಸಾಲೆ ಪುಡಿಯ ಮಾದರಿ ತಗೊಂಡು ನಾಲ್ಕು ಭಾಗ ಮಾಡಿ ಸೀಲ್ ಹಾಕಿದರು. ವರದಿಗೆ 14 ದಿನ. ವರದಿ ಬರಲಿ, ಆಮೇಲೆ ಮಾತಾಡು ಎಂದು ಸ್ನೇಹಿತರು ಹೇಳಿದರು. ಪುಡಿಯ ವರದಿ ಚೆನ್ನಾಗಿ ಬಂದರೆ ಬದನೆಕಾಯಿಗೆ ಏನು ಬಂತು?

ಅಡುಗೆಮನೆ ನೋಡಲು ಮೊದಲ ದಿನ ಎಂಟು ಹತ್ತು ಜನ ಬಂದರು. ಹೆಚ್ಚಿನವರು ವಿಡಿಯೊ ಮಾಡಲು ಬಂದ ಹುಡುಗರು. ಮಾಡಿಕೊಳ್ಳಲಿ ಎಂದು ಬಿಟ್ಟೆ. ಒಂದೂವರೆ ತಿಂಗಳಿಗೆ ವ್ಯಾಪಾರ ಮೂವತ್ತು ಸಾವಿರ ಮುಟ್ಟಿತು, ಪಾರ್ಸೆಲ್ ಇನ್ನೂ ಹಿಂದೆ ಇದೆ.

ಆದರೆ ಈ ಪೋಸ್ಟನ್ನು ಎಲ್ಲದಕ್ಕೂ ಹಾಕಲು ಹೋಗಬೇಡಿ. ನಮ್ಮಲ್ಲಿ ಯಾರಿಗೂ ಆರೋಗ್ಯ ಕೆಟ್ಟಿರಲಿಲ್ಲ, ಕಾರಣ ಕಣ್ಣಿಗೇ ಕಾಣುತ್ತಿತ್ತು. ಊಟ ಮಾಡಿದವರಿಗೆ ವಾಂತಿ ಭೇದಿ ಆಗಿದ್ದರೆ ಅನ್ನವೋ, ನೀರೋ, ಮೊಸರೋ ಎಂದು ಪರೀಕ್ಷೆಗೆ ಮೊದಲು ನೀವು ಹೇಳಲಾಗದು. ಆಗ ಕಾರಣದ ಸಾಲು ಪೂರ್ತಿ ಬಿಡಿ. ಎಷ್ಟು ಜನರಿಗೆ ತೊಂದರೆ ಆಗಿದೆ, ಯಾವ ಆಸ್ಪತ್ರೆಯಲ್ಲಿ ಇದ್ದಾರೆ ಎಂದು ಮೊದಲು ವಿಚಾರಿಸಿ, ಅಡುಗೆ ನಿಲ್ಲಿಸಿ, ನಿಲ್ಲಿಸಿದ್ದೇವೆ ಎಂದಷ್ಟೇ ಬರೆಯಿರಿ. ಸಿಂಧನೂರು ಕಡೆಯ ಸ್ನೇಹಿತರೊಬ್ಬರು ಉಪ್ಪಿಟ್ಟಿನಲ್ಲಿ ಕೂದಲು ಬಂದದ್ದಕ್ಕೆ ನನ್ನ ಪೋಸ್ಟನ್ನೇ ಹಾಕಿದರು. ತೊಟ್ಟು ಬಿಡಿಸಿ ನೋಡುವ ಸಾಲು ತೆಗೆಯುವುದನ್ನು ಮರೆತಿದ್ದರು.