ಅರ್ಕಾವೊತ್ತು ಒಂದಕ್ಷರ ಆಚೆ ಸರಿದಾಗ

ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದ್ದ ಮದುವೆಯ ಕರೆಯೋಲೆಯನ್ನು ಯೂನಿಕೋಡಿಗೆ ಬದಲಿಸುವವರು ಅರ್ಕಾವೊತ್ತನ್ನು ತಪ್ಪದೆ ಪರಿಶೀಲಿಸಬೇಕು. ಕಳೆದ ತಿಂಗಳು ನನ್ನ ಕರಡಿನಲ್ಲಿ ‘ಚಿತ್ರದುರ್ಗದಲ್ಲಿ’ ಎಂಬುದು ‘ಚಿತ್ರದುಗರ್ದಲ್ಲಿ’ ಎಂದಾಗಿತ್ತು. ಸ್ವಂತ ಊರಿನ ಹೆಸರಾದ್ದರಿಂದಲೋ ಏನೋ, ಎರಡು ಬಾರಿ ಓದಿದರೂ ಕಣ್ಣಿಗೆ ಬೀಳಲಿಲ್ಲ.

ಕಾರಣ ಸರಳವಾಗಿದೆ. ‘ದುರ್ಗ’ ಎನ್ನುವಾಗ ರಕಾರವನ್ನು ಗಕಾರಕ್ಕಿಂತ ಮೊದಲು ಉಚ್ಚರಿಸುತ್ತೇವೆ, ಆದರೆ ಅದರ ಚಿಹ್ನೆಯನ್ನು ಗಕಾರದ ಬಲಕ್ಕೆ ಬರೆಯುತ್ತೇವೆ. ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮವನ್ನೇ ಉಳಿಸಿಕೊಂಡು `zÀÄUÀð` ಎಂದು ಕೊನೆಯಲ್ಲಿ `ð` ಇಡುತ್ತದೆ. ಯೂನಿಕೋಡ್ ಉಚ್ಚಾರಣೆಯ ಕ್ರಮದಲ್ಲಿ ರ, ಅದನ್ನು ಅರ್ಧಾಕ್ಷರವಾಗಿಸುವ ವಿರಾಮ, ಗ ಎಂದು ಇಡುತ್ತದೆ. ಪರಿವರ್ತಕವು ಚಿಹ್ನೆಯನ್ನು ಹಿಂದಕ್ಕೆ ತರದಿದ್ದರೆ ಅದು ಮುಂದಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ‘ಕಾರ್ಯಕ್ರಮ’ವು ‘ಕಾಯರ್ಕ್ರಮ’ವಾಗುತ್ತದೆ. ಮುಂದೆ ಅಕ್ಷರವೇ ಇಲ್ಲದಿದ್ದರೆ ‘ದುಗರ್’ ಎಂದು ರಕಾರವು ಅರ್ಧಾಕ್ಷರವಾಗಿ ಕೊನೆಯಲ್ಲಿ ನಿಲ್ಲುತ್ತದೆ. ಇದನ್ನು ಗುರುತಿಸುವುದು ಸುಲಭ. ‘ಚಿತ್ರ’ದ ತಕಾರದ ಕೆಳಗಿನ ಒತ್ತು ಬೇರೆ, ಅಲ್ಲಿ ರಕಾರ ಎರಡನೆಯದು.

ತಿದ್ದುವಾಗ ‘ರ್’ ಅನ್ನು ಇಡೀ ಅಕ್ಷರದ ಹಿಂದಕ್ಕೆ, ಅಂದರೆ ಅದರ ಗುಣಿತ ಮತ್ತು ಒತ್ತುಗಳನ್ನೂ ದಾಟಿಸಿ ತರಬೇಕು: ‘ಮಾಗಾರ್ಂತರ’ದಲ್ಲಿ ‘ಗಾ’ ಒಡೆಯದೆ ‘ಮಾರ್ಗಾಂತರ’ವಾಗಬೇಕು. ‘ಗರ್’ ಇದ್ದಲ್ಲೆಲ್ಲ ‘ರ್ಗ’ ಎಂದು ಒಮ್ಮೆಲೇ ಬದಲಿಸಬೇಡಿ, ಏಕೆಂದರೆ ಸರಿಯಾಗಿರುವ ‘ಗರ್ಭಗುಡಿ’ಯೂ ‘ರ್ಗಭಗುಡಿ’ಯಾಗಿಬಿಡುತ್ತದೆ. ಪೂರ್ಣ ಪದವನ್ನೇ ಹುಡುಕಿ ಬದಲಿಸಿ.