ಮುಂಡು ಹಾಗೆಯೇ ಇತ್ತು, ಮುಖ ಮಾತ್ರ ಬೆಳ್ಳಗಾಗಿತ್ತು

ಉಡುಪಿಯ ನನ್ನ ಸ್ಟುಡಿಯೊದಲ್ಲಿ ಫೋಟೊಗಳನ್ನು ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಬಿಡಿಸುವ ಎಐ ಮಾಡೆಲ್ ಮೂಲಕ ಜಲವರ್ಣದ ಚಿತ್ರಗಳಾಗಿ ಮಾಡಿ, ಮುದ್ರಿಸಿ, ಕಟ್ಟು ಹಾಕಿಸಿ ಕೊಡುತ್ತೇನೆ. ಮಲ್ಪೆಯ ಹೆಣ್ಣುಮಗಳೊಬ್ಬರು ತಮ್ಮ ತಂದೆಯ ಅರುವತ್ತನೆಯ ವರ್ಷದ ಶಾಂತಿಗೆಂದು ಒಂದು ಫೋಟೊ ತಂದಿದ್ದರು. ಅದರಲ್ಲಿದ್ದವರು ಹರೆಯದಿಂದಲೂ ಕಡಲಿಗೆ ಹೋಗುತ್ತಿದ್ದ ಎಣ್ಣೆಗಪ್ಪು ಬಣ್ಣದ ಮನುಷ್ಯರು. ಬಿಳಿ ಮುಂಡು, ಬಿಳಿ ಅಂಗಿ ತೊಟ್ಟಿದ್ದರು. ಸಿದ್ಧವಾದ ಚಿತ್ರವನ್ನು ನೋಡಿ ಮಗಳು, "ಚಂದ ಬಂದಿದೆ ಮಾರಾಯ್ರೆ, ಆದರೆ ಇದು ನಮ್ಮ ಅಪ್ಪ ಅಲ್ಲ" ಎಂದರು. ಮೂಗು, ಹುಬ್ಬು, ಗಲ್ಲದ ಗೆರೆ ಎಲ್ಲವೂ ಸರಿಯಾಗಿಯೇ ಇದ್ದವು, ಬಣ್ಣವಷ್ಟೇ ಅವರದಾಗಿರಲಿಲ್ಲ.

ಒಟ್ಟು ಚಿತ್ರವೇ ಬೆಳಕಾಗಿದೆಯೋ, ಚರ್ಮ ಮಾತ್ರವೋ ಎಂಬುದನ್ನು ಮೊದಲು ತಿಳಿಯಬೇಕಿತ್ತು. ಇದಕ್ಕೆ `Lab` ಎಂಬ ಬಣ್ಣದ ಅಳತೆ ಅನುಕೂಲ, ಏಕೆಂದರೆ ಅದರಲ್ಲಿ ಬೆಳಕಿನ ಪ್ರಮಾಣ `L` ಎಂಬ ಒಂದೇ ಅಂಕಿಯಲ್ಲಿ, 0ಯಿಂದ 100ರವರೆಗೆ, ಬೇರೆಯಾಗಿ ಸಿಗುತ್ತದೆ. ಎಣ್ಣೆಯ ಹೊಳಪಿಲ್ಲದ ಕೆನ್ನೆಯ ಭಾಗದಲ್ಲಿ ಅಳೆದಾಗ ಫೋಟೊದಲ್ಲಿ 38 ಇದ್ದದ್ದು ಚಿತ್ರದಲ್ಲಿ 61 ಆಗಿತ್ತು. ಮುಂಡಿನಲ್ಲಿ 88 ಇದ್ದದ್ದು 91 ಆಗಿತ್ತು, ಅಷ್ಟೇ. ಬೆಳಕು ಹೆಚ್ಚಿದ್ದೇ ಕಾರಣವಾಗಿದ್ದರೆ ಮುಂಡಿನ ಮಡಿಕೆಗಳೂ ಅಳಿಸಿಹೋಗಬೇಕಿತ್ತು. ಅವು ಉಳಿದಿದ್ದುದರಿಂದ, ಮಾಡೆಲ್ ಚರ್ಮವನ್ನೇ ಬದಲಿಸಿದೆ ಎಂಬುದು ಖಚಿತವಾಯಿತು.

ಹೀಗಾಗುವುದಕ್ಕೆ ಕಾರಣ ಅದರ ಕೆಲಸದ ಕ್ರಮದಲ್ಲಿಯೇ ಇದೆ. ಮಾಡೆಲ್ ನಮ್ಮ ಫೋಟೊದ ಮೇಲೆ ನೇರವಾಗಿ ಬಣ್ಣ ಬಳಿಯುವುದಿಲ್ಲ. ಮೊದಲು ಅದನ್ನು ಗದ್ದಲದ ಚುಕ್ಕೆಗಳಿಂದ ಮುಚ್ಚಿ, ಅನಂತರ ತಾನು ಕಲಿತಂತೆ ಮತ್ತೆ ಬಿಡಿಸುತ್ತದೆ. ಎಷ್ಟು ಮುಚ್ಚಬೇಕೆಂಬುದನ್ನು `Denoising strength` ನಿರ್ಧರಿಸುತ್ತದೆ. ನಾನು ಅದನ್ನು 0.75ರಲ್ಲಿ ಇಟ್ಟಿದ್ದೆ. ಅಷ್ಟು ಮುಚ್ಚಿದಾಗ ಮೂಲದ ಮೈಬಣ್ಣದ ಮಸುಕು ಸುಳಿವಷ್ಟೇ ಉಳಿಯುತ್ತದೆ, ಮಿಕ್ಕದ್ದನ್ನು ಮಾಡೆಲ್ ತಾನು ಹೆಚ್ಚಾಗಿ ಕಂಡ ಮುಖಗಳಿಂದ ತುಂಬುತ್ತದೆ. ಜಲವರ್ಣವೆಂದರೆ ಅದು ಕಂಡದ್ದು ಬಹುಪಾಲು ಬಿಳಿ ಕಾಗದದ ಮೇಲಿನ ತೆಳು ಲೇಪದ, ತಿಳಿಬಣ್ಣದ ಮುಖಗಳನ್ನು. ಮುಖಲಕ್ಷಣ ಉಳಿಯಲೆಂದು `ControlNet` ಮೂಲಕ ಗೆರೆಗಳನ್ನು ಕೊಟ್ಟಿದ್ದೆ, ಆದರೆ ಗೆರೆಚಿತ್ರದಲ್ಲಿ ಬಣ್ಣವೇ ಇರುವುದಿಲ್ಲವಲ್ಲ. ಆಕಾರ ತಂದೆಯದಾಗಿ ಬಣ್ಣ ಬೇರೆ ಯಾರದೋ ಆದದ್ದು ಇದರಿಂದಲೇ.

ಮಾಡೆಲ್‌ಗೆ ನಾನು ಬರೆದುಕೊಟ್ಟ ಸೂಚನೆಯಲ್ಲಿಯೂ ತಪ್ಪಿತ್ತು. ಅದರಲ್ಲಿದ್ದ `beautiful`, `glowing`, `soft light` ಎಂಬ ಪದಗಳು ಮುಖವನ್ನು ಇನ್ನಷ್ಟು ಬೆಳ್ಳಗೆ ಎಳೆಯುತ್ತಿದ್ದವು. ಅವನ್ನು ತೆಗೆದು ಹೀಗೆ ಬರೆದೆ:

```
watercolor portrait of an elderly fisherman, deep brown skin, white shirt
```

ಬಣ್ಣವನ್ನು ಹೆಸರಿಸುವಾಗ ಎಚ್ಚರ ಬೇಕು. ಆ ಪದಕ್ಕೆ ಒತ್ತು ಹೆಚ್ಚು ಕೊಟ್ಟರೆ ತುಟಿ, ಮೂಗುಗಳೂ ಬದಲಾಗತೊಡಗುತ್ತವೆ. ಜೊತೆಗೆ `Denoising strength` ಅನ್ನು 0.5ಕ್ಕೆ ಇಳಿಸಿದೆ. 0.4ರಲ್ಲಿ ಮೈಬಣ್ಣ ಚೆನ್ನಾಗಿ ಉಳಿದರೂ ಚಿತ್ರ ಜಲವರ್ಣದಂತೆ ಕಾಣದೆ ಸೋಸಿದ ಫೋಟೊದಂತೆ ಕಾಣುತ್ತಿತ್ತು. 0.5ರಲ್ಲಿ ಕೆನ್ನೆಯ `L` 50ಕ್ಕೆ ಬಂದು ನಿಂತಿತು.

ಉಳಿದ 12 ಅಂಕಗಳನ್ನು ಕೈಯಿಂದಲೇ ಇಳಿಸಬೇಕಾಯಿತು, ಮತ್ತು ಇಲ್ಲಿಯೇ ನಾನು ಎರಡು ಸಲ ಎಡವಿದೆ. ಮೊದಲು ಮೂಲ ಫೋಟೊವನ್ನು ಮೇಲಿಟ್ಟು ಫೋಟೊಶಾಪಿನ `Color` ಬ್ಲೆಂಡ್ ಬಳಸಿದೆ. ಅದು ವರ್ಣವನ್ನೂ ಅದರ ಗಾಢತೆಯನ್ನೂ ಮಾತ್ರ ಮೂಲದಿಂದ ತರುತ್ತದೆ, ಬೆಳಕನ್ನು ಮುಟ್ಟುವುದಿಲ್ಲ. ಆದ್ದರಿಂದ ಮುಖ ಕಂದಾಯಿತೇ ಹೊರತು ಕಪ್ಪಾಗಲಿಲ್ಲ. ಎರಡನೆಯ ಸಲ ಇಡೀ ಮುಖದ `L` ಅನ್ನು 12 ಅಂಕ ಇಳಿಸಿದೆ. ಆಗ ಹಣೆಯ ಮೇಲಿನ ಹೊಳಪು 90ರಿಂದ 78ಕ್ಕೆ ಕುಸಿದು, ಮುಖಕ್ಕೆ ಬೂದಿ ಮೆತ್ತಿದಂತಾಯಿತು. ಕಪ್ಪು ಚರ್ಮದ ಜೀವಂತಿಕೆ ಬಹುಮಟ್ಟಿಗೆ ಆ ಹೊಳಪಿನಲ್ಲಿಯೇ ಇದೆ, ಹಣೆ ಮತ್ತು ಕೆನ್ನೆಯೆಲುಬಿನ ಮೇಲೆ ಬೀಳುವ ಬೆಳಕು ಉಳಿಯಲೇಬೇಕು. ಕೊನೆಗೆ ಹೊಂದಿಕೊಂಡದ್ದು, ನಡುವಣ ಬೆಳಕನ್ನು ಹೆಚ್ಚು ಇಳಿಸಿ ಮೇಲಿನದನ್ನು ಬಹುಪಾಲು ಬಿಟ್ಟುಕೊಡುವ ಈ ಲೆಕ್ಕ:

```
g = ln(0.38) / ln(0.50) = 1.4
L2 = 100 * (L / 100)^g
```

ಇದರಲ್ಲಿ 50 ಇದ್ದದ್ದು 38 ಆಗುತ್ತದೆ, 90 ಇದ್ದ ಹೊಳಪು 86ರಲ್ಲಿ ನಿಲ್ಲುತ್ತದೆ. ಆದರೆ 25 ಇದ್ದ ನೆರಳು 14ಕ್ಕೆ ಇಳಿಯುವುದರಿಂದ ಕಣ್ಣು, ಹುಬ್ಬು, ಮೂಗಿನ ಹೊಳ್ಳೆಗಳನ್ನು ಮಾಸ್ಕ್‌ನಿಂದ ಹೊರಗಿಟ್ಟು, ಅಂಚನ್ನು ಮೃದುಗೊಳಿಸಿದೆ. ಕುತ್ತಿಗೆಯನ್ನೂ ಕೈಗಳನ್ನೂ ಸೇರಿಸುವುದನ್ನು ಮರೆಯಬಾರದು, ಇಲ್ಲವಾದರೆ ಮುಖಕ್ಕೊಂದು ಬಣ್ಣ, ಕೈಗೊಂದು ಬಣ್ಣವಾಗುತ್ತದೆ. ಕೊನೆಯಲ್ಲಿ, ಅದೇ ಅಳತೆಯಲ್ಲಿ ವರ್ಣವನ್ನು ಹೇಳುವ `a` ಮತ್ತು `b` ಅಂಕಿಗಳ ಸರಾಸರಿಯನ್ನು ಮೂಲದ ಸರಾಸರಿಗೆ ಹೊಂದಿಸಿದೆ.

ಇಷ್ಟೆಲ್ಲ ಲೆಕ್ಕಕ್ಕೆ ಆಧಾರ ಮೂಲ ಫೋಟೊ, ಹಾಗಾಗಿ ಅದೇ ತಪ್ಪಾಗಿದ್ದರೆ ಯಾವ ತಿದ್ದುಪಡಿಯೂ ನಿಲ್ಲುವುದಿಲ್ಲ. ಸಂಜೆಯ ಹೊತ್ತು ಕಡಲನ್ನು ಹಿಂದಿಟ್ಟು ತೆಗೆದ ಫೋಟೊದಲ್ಲಿ ಮುಖ ಇರುವುದಕ್ಕಿಂತ ಕಪ್ಪಾಗಿರುತ್ತದೆ, ಮೊಬೈಲಿನ ಬ್ಯೂಟಿ ಮೋಡ್‌ನಲ್ಲಿ ಮೊದಲೇ ಬೆಳ್ಳಗಾಗಿರುತ್ತದೆ. ಆದ್ದರಿಂದ ಈಗ ಆರ್ಡರ್ ಪಡೆಯುವಾಗಲೇ, ಮನೆಯ ಜಗಲಿಯಲ್ಲಿ ಹಗಲಿನ ನೆರಳಿನಲ್ಲಿ ತೆಗೆದ ಇನ್ನೊಂದು ಫೋಟೊವನ್ನು, ಸಾಧ್ಯವಾದರೆ ಬಿಳಿ ಬಟ್ಟೆಯೊಂದು ಜೊತೆಗೆ ಕಾಣುವಂತೆ, ಕೇಳಿ ಪಡೆದುಕೊಳ್ಳುತ್ತೇನೆ. ಕೆನ್ನೆಯ ಅಂಕಿಯನ್ನು ಅದರಿಂದಲೇ ತೆಗೆದುಕೊಳ್ಳುತ್ತೇನೆ.