ಬೆಟ್ಟವೂ ಕದಲಬಾರದು, ನಡಿಗೆಯೂ: ಟ್ರೆಕ್ ಪೋಸ್ಟರ್‌ಗೆ ಜಾಕೆಟ್, ಟೋಪಿ, ಬ್ಯಾಗು ತೊಡಿಸುವುದು ಹೇಗೆ?

ತುಮಕೂರಿನಿಂದ ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಹೊರಡುವ ನಮ್ಮ ತಂಡಕ್ಕೆ ಒಂದು ಪೋಸ್ಟರ್ ಬೇಕಿತ್ತು. ಕೈಯಲ್ಲಿದ್ದದ್ದು ಒಂದೇ ಒಳ್ಳೆಯ ಫೋಟೊ. ಅಕ್ಕನ ಮಗ ತುಂಬುತೋಳಿನ ಬಿಳಿ ಶರ್ಟ್ ತೊಟ್ಟು, ಬರಿತಲೆಯಲ್ಲಿ, ಬಂಡೆಯಲ್ಲಿ ಕೊರೆದ ಮೆಟ್ಟಿಲು ಹತ್ತಿ ನಮ್ಮ ಕಡೆಗೇ ಬರುತ್ತಿದ್ದಾನೆ. ಬಲಗೈ ಮೊಣಕಾಲಿನ ಮೇಲಿದೆ, ಮೈ ಮುಂದಕ್ಕೆ ಬಾಗಿದೆ, ಚಿತ್ರದ ಎಡಗಡೆಯಿಂದ ಬೆಳಗಿನ ಬಿಸಿಲು ಬಿದ್ದಿದೆ. ಏರು ಎಷ್ಟು ಕಡಿದು ಎಂಬುದನ್ನು ಆ ಬಾಗಿದ ಮೈಯೇ ಹೇಳುತ್ತದೆ. ಹಾಗಾಗಿ ಜಾಕೆಟ್, ಟೋಪಿ, ಬ್ಯಾಗಿನ ಪಟ್ಟಿ ಎಲ್ಲವೂ ಬರಬೇಕು, ಆದರೆ ಆ ಬಾಗು ಒಂದು ಎಳೆಯಷ್ಟೂ ಬದಲಾಗಬಾರದು. ಈ ಕೆಲಸವನ್ನು ದುಡ್ಡಿಲ್ಲದೆ ಸಿಗುವ GIMP ತಂತ್ರಾಂಶದಲ್ಲಿ ಮಾಡಿದ ಬಗೆ ಇಲ್ಲಿದೆ.

ಮೊದಲಿಗೆ ಮೂಲ ಫೋಟೊ ತರಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಸುಮ್ಮನೆ ಕಳಿಸಿದ ಫೋಟೊ ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ಬರುತ್ತದೆ. 12×18 ಇಂಚಿನ ಪೋಸ್ಟರ್ 300 ಡಿಪಿಐನಲ್ಲಿ ಅಚ್ಚಾಗಬೇಕಾದರೆ 3600×5400 ಪಿಕ್ಸೆಲ್ ಬೇಕು.

ಆಮೇಲಿನದು ಕಂಪ್ಯೂಟರ್ ಮುಂದೆ ಮಾಡುವ ಕೆಲಸವಲ್ಲ. ಜಾಕೆಟ್ ಮಾರುವವರ ಫೋಟೊಗಳನ್ನು ತಂದು ಅಂಟಿಸಲು ಹೋಗಬೇಡಿ. ಅವುಗಳಲ್ಲಿ ಆಸಾಮಿ ನೆಟ್ಟಗೆ ನಿಂತಿರುತ್ತಾನೆ, ಬೆಳಕು ಎಲ್ಲ ಕಡೆಯಿಂದ ಬಂದಿರುತ್ತದೆ. ನಮ್ಮ ಹುಡುಗ ನಮ್ಮ ಕಡೆಗೆ ಬಾಗಿರುವುದರಿಂದ ಅವನ ಎದೆಯ ಭಾಗ ಗಿಡ್ಡವಾಗಿ ಕಾಣುತ್ತದೆ. ಅಲ್ಲಿ ನೆಟ್ಟಗಿನ ಜಾಕೆಟ್ ಕೂರಿಸಿದರೆ ಬೆನ್ನು ಸೆಟೆದಂತಾಗುತ್ತದೆ. ನಾನು ಮಾಡಿದ್ದಿಷ್ಟೇ: ಅದೇ ಮೈಕಟ್ಟಿನ ಗೆಳೆಯನಿಗೆ ಜಾಕೆಟ್, ಟೋಪಿ, ಬ್ಯಾಗು ಹಾಕಿಸಿ, ಮನೆಯ ಮಹಡಿ ಮೆಟ್ಟಿಲ ಮೇಲೆ ಅದೇ ಭಂಗಿಯಲ್ಲಿ ನಿಲ್ಲಿಸಿ, ಬೆಳಗಿನ ಹೊತ್ತು ಬಿಸಿಲು ಎಡಗಡೆಯಿಂದ ಬೀಳುವಂತೆ ಹತ್ತು ಹನ್ನೆರಡು ಫೋಟೊ ತೆಗೆದೆ. ಬ್ಯಾಗಿನಲ್ಲಿ ಎರಡು ನೀರಿನ ಬಾಟಲಿ ಇರಲಿ. ಖಾಲಿ ಬ್ಯಾಗಿನ ಪಟ್ಟಿ ಜೋತುಬೀಳುತ್ತದೆ, ಭಾರವಿದ್ದರೆ ಮಾತ್ರ ಭುಜಕ್ಕೆ ಒತ್ತಿ ಕೂರುತ್ತದೆ.

ಈಗ GIMPನಲ್ಲಿ ಮೂಲ ಫೋಟೊ ತೆರೆದು ಆ ಲೇಯರ್‌ಗೆ ಬೀಗ ಹಾಕಿಬಿಡಿ. ಇನ್ನು ಮುಂದೆ ಅದನ್ನು ಮುಟ್ಟುವ ಹಾಗಿಲ್ಲ. ಅದರ ಒಂದು ನಕಲು ಮಾಡಿ, ನಕಲಿಗೂ ಬೀಗ ಬಂದಿದ್ದರೆ ತೆಗೆದು, `Paths` ಉಪಕರಣದಿಂದ ಹುಡುಗನ ಸುತ್ತ ಗೆರೆ ಎಳೆದು, ಆ ಗೆರೆಯನ್ನು ಆಯ್ಕೆಯಾಗಿಸಿ, ಅವನೊಬ್ಬನೇ ಉಳಿಯುವಂತೆ ಲೇಯರ್ ಮಾಸ್ಕ್ ಹಾಕಿ. ಹಿಂದೆ ಬೆಟ್ಟ, ಮುಂದೆ ಹುಡುಗ, ಇವೆರಡರ ನಡುವೆ ಬ್ಯಾಗು ಸೇರಿಸಲು ಜಾಗ ಹೀಗೆ ಸಿಗುತ್ತದೆ.

ಜಾಕೆಟ್ಟಿನ ವಿಷಯದಲ್ಲಿ ನನ್ನ ಅನುಭವದ ಮಾತು ಒಂದಿದೆ. ಹಳೆಯ ಶರ್ಟನ್ನು ಮುಚ್ಚಬೇಡಿ, ಬಳಸಿಕೊಳ್ಳಿ. ಮೊಣಕೈ ಮಡಚಿದಲ್ಲಿ, ಕಂಕುಳಲ್ಲಿ, ಸೊಂಟದಲ್ಲಿ ಬಿದ್ದ ನೆರಿಗೆಗಳು ಆ ಮೈಯ ಬಾಗಿನಿಂದಲೇ ಹುಟ್ಟಿದವು. ಅವು ಹೋದರೆ ಭಂಗಿಯೂ ಹೋದಂತೆ. ಶರ್ಟಿನ ಭಾಗವನ್ನಷ್ಟೇ ಆಯ್ದು, ಮೇಲೊಂದು ಹೊಸ ಲೇಯರ್‌ನಲ್ಲಿ ಕಿತ್ತಳೆ ಬಣ್ಣ ತುಂಬಿ, ಅದರ ಮೋಡ್ ಅನ್ನು `Multiply` ಮಾಡಿದೆ. ಬಿಳಿ ಬಟ್ಟೆ ಬಣ್ಣವನ್ನು ಹೀರಿಕೊಂಡಿತು, ನೆರಿಗೆಯ ನೆರಳೆಲ್ಲ ಇದ್ದಲ್ಲೇ ಉಳಿಯಿತು. ನೆರಿಗೆಗಳು ತೀರಾ ಮಂದವಾಗಿ ಕಂಡರೆ ಶರ್ಟಿನ ಭಾಗಕ್ಕೆ ಮಾತ್ರ `Curves` ಹಾಕಿ ಸ್ವಲ್ಪ ಗಾಢ ಮಾಡಿ, ಏಕೆಂದರೆ ನೈಲಾನ್ ಬಟ್ಟೆಯ ಮಡಿಕೆ ಹತ್ತಿಬಟ್ಟೆಗಿಂತ ಚೂಪಾಗಿರುತ್ತದೆ. ಕಾಲರ್, ಜಿಪ್, ತೋಳಿನ ತುದಿ, ಕೆಳಗಿನ ಅಂಚು ಇಷ್ಟನ್ನು ಮಾತ್ರ ಗೆಳೆಯನ ಫೋಟೊದಿಂದ ಕತ್ತರಿಸಿ ತನ್ನಿ. ಶರ್ಟು ಕಪ್ಪು ಅಥವಾ ಕಡುನೀಲಿ ಆಗಿದ್ದರೆ ಈ ಉಪಾಯ ನಡೆಯದು, `Multiply` ಬಣ್ಣವನ್ನು ಇನ್ನಷ್ಟು ಕಪ್ಪಾಗಿಸುತ್ತದೆಯೇ ಹೊರತು ತಿಳಿ ಮಾಡುವುದಿಲ್ಲ. ಆಗ ಗೆಳೆಯನ ಜಾಕೆಟ್ಟನ್ನೇ ಪೂರ್ತಿ ಕೂರಿಸಬೇಕಾಗುತ್ತದೆ. ಇನ್ನು, ಹಿಮದ ನಾಡಿನ ಉಬ್ಬಿದ ಜಾಕೆಟ್ ಬೇಡ, ಮಧುಗಿರಿಗೆ ತೆಳು ವಿಂಡ್‌ಚೀಟರ್ ಒಪ್ಪುತ್ತದೆ.

ಕತ್ತರಿಸಿ ತಂದ ತುಂಡುಗಳನ್ನು `Warp Transform` ಉಪಕರಣದಿಂದ ಮೈಗೆ ಒಗ್ಗಿಸಿ. ಅದನ್ನು ಆಯಾ ತುಂಡಿನ ಲೇಯರ್ ಮೇಲೆ ಮಾತ್ರ ಬಳಸಬೇಕು. ಅವಸರದಲ್ಲಿ ಎಲ್ಲವನ್ನೂ ಒಂದಾಗಿಸಿ ಎಳೆದರೆ ಭುಜದ ಹಿಂದಿನ ಬಂಡೆಯೂ ಜೊತೆಗೇ ಬಾಗುತ್ತದೆ. ಕಲ್ಲಿನ ಬಿರುಕುಗಳು, ಮೆಟ್ಟಿಲ ಅಂಚು ಮೈಯ ಪಕ್ಕದಲ್ಲಿ ಅಲೆಯಂತೆ ಡೊಂಕಾಗಿದ್ದರೆ ತಪ್ಪು ಆಗಿದೆ ಎಂದೇ ಅರ್ಥ.

ಹೆಚ್ಚು ಹೊತ್ತು ಹಿಡಿಯುವುದು ಬ್ಯಾಗಿನ ಪಟ್ಟಿ. ನನ್ನ ಮೊದಲ ಪ್ರಯತ್ನ ನೋಡಿ ಹುಡುಗ, ‘ಮಾಮ, ಇದು ಬ್ಯಾಗಲ್ಲ, ಎದೆ ಮೇಲೆ ಟೇಪ್ ಅಂಟಿಸಿದಂಗೈತೆ’ ಅಂದ. ನಿಜವೇ ಹೇಳಿದ್ದ. ಪಟ್ಟಿ ಮಾತ್ರ ಇತ್ತು, ಹಿಂದೆ ಬ್ಯಾಗೇ ಕಾಣುತ್ತಿರಲಿಲ್ಲ. ಬಾಗಿದವನನ್ನು ಮುಂದಿನಿಂದ ನೋಡಿದಾಗ ಬೆನ್ನಿನ ಬ್ಯಾಗಿನ ಮೇಲ್ತುದಿ ಭುಜದ ಹಿಂದಿನಿಂದ ಇಣುಕಲೇಬೇಕು. ಆ ತುಂಡನ್ನು ಬೆಟ್ಟಕ್ಕೂ ಹುಡುಗನಿಗೂ ನಡುವಿನ ಲೇಯರ್‌ನಲ್ಲಿ ಇಟ್ಟೆ.

ಎರಡನೆಯದು ಅಳತೆ. ದೊಡ್ಡವರ ತಲೆ ಗಲ್ಲದಿಂದ ನೆತ್ತಿಯವರೆಗೆ ಹೆಚ್ಚುಕಡಿಮೆ 22 ಸೆಂ.ಮೀ., ಬ್ಯಾಗಿನ ಪಟ್ಟಿಯ ಅಗಲ ಸುಮಾರು 6 ಸೆಂ.ಮೀ. ಅಂದರೆ ಚಿತ್ರದಲ್ಲಿ ತಲೆ 400 ಪಿಕ್ಸೆಲ್ ಇದ್ದರೆ ಪಟ್ಟಿ 110ರ ಆಸುಪಾಸಿನಲ್ಲಿರಬೇಕು. ಪಟ್ಟಿ ಕತ್ತಿನ ಬುಡದ ಹತ್ತಿರ ಭುಜ ಹತ್ತಿ, ಎದೆಯ ಮೇಲೆ ಹೊರಕ್ಕೆ ಬಾಗಿ, ಕಂಕುಳ ಕೆಳಗೆ ಹಿಂದಕ್ಕೆ ಹೋಗುತ್ತದೆ. ಮುಂದೆ ಚಾಚಿದ ತೋಳು ಅದನ್ನು ಮುಚ್ಚುವಲ್ಲಿ ಮಾಸ್ಕ್‌ನಿಂದ ಅಳಿಸಿ, ತೋಳು ಮೇಲೆ ಬರುವಂತೆ ಮಾಡಿ. ಬಾಗಿದ ಮೈಯಲ್ಲಿ ಎರಡೂ ಭುಜ ಒಂದೇ ಎತ್ತರದಲ್ಲಿ ಇರುವುದಿಲ್ಲ. ಒಂದು ಪಟ್ಟಿಯನ್ನು ತಿರುಗಿಸಿ ಇನ್ನೊಂದು ಕಡೆಗೆ ಅಂಟಿಸಿದರೆ ಅದು ತಕ್ಷಣ ಎದ್ದು ಕಾಣುತ್ತದೆ.

ಮೂರನೆಯದು ಒತ್ತಡ. ಪಟ್ಟಿಯ ಬಲ ಅಂಚಿಗೆ, ಅಂದರೆ ಬಿಸಿಲಿನ ಎದುರು ಬದಿಗೆ, `Multiply` ಲೇಯರ್‌ನಲ್ಲಿ ಕಿತ್ತಳೆಯ ಗಾಢ ಛಾಯೆಯಿಂದ ತೆಳುವಾದ ನೆರಳು ಎಳೆಯಿರಿ. ಕಪ್ಪು ಬಣ್ಣ ತೆಗೆದುಕೊಂಡರೆ ಮಸಿ ಬಳಿದಂತಾಗುತ್ತದೆ. ಭುಜದ ಮೇಲೆ ಪಟ್ಟಿಯ ಅಂಚಿನಿಂದ ಹೊರಟ ಎರಡು ಮೂರು ಪುಟ್ಟ ನೆರಿಗೆ ಬಿಡಿಸಿದಾಗಲೇ ಬ್ಯಾಗಿಗೆ ಭಾರ ಬರುವುದು.

ಟೋಪಿಯ ಕೆಲಸ ಅಷ್ಟಿಲ್ಲ. ಹುಬ್ಬಿನಿಂದ ಎರಡು ಬೆರಳು ಮೇಲೆ ಅದರ ಅಂಚು ಬರಲಿ, ತುದಿ ಮೂಗು ನೋಡುವ ಕಡೆಗೇ ಇರಲಿ. ತಲೆಗೂದಲನ್ನೆಲ್ಲ ಮುಚ್ಚುವಷ್ಟು ದೊಡ್ಡದಾಗಿದ್ದರೆ ಹಿಂದಿನ ಆಕಾಶವನ್ನು ತಿದ್ದುವ ಕೆಲಸ ತಪ್ಪುತ್ತದೆ. ಎಚ್ಚರಿಕೆ ಬೇಕಾದ್ದು ನೆರಳಿನಲ್ಲಿ. ಮಧ್ಯಾಹ್ನದ ಟೋಪಿ ಕಣ್ಣನ್ನೆಲ್ಲ ನೆರಳಲ್ಲಿ ಮುಳುಗಿಸುತ್ತದೆ, ಬೆಳಗಿನ ತಗ್ಗು ಬಿಸಿಲು ಟೋಪಿಯ ಅಡಿಯಲ್ಲೂ ನುಗ್ಗುತ್ತದೆ. ಮೂಲ ಫೋಟೊದಲ್ಲಿ ಮೂಗಿನ ನೆರಳು ಕೆನ್ನೆಯ ಮೇಲೆ ಪಕ್ಕಕ್ಕೆ ಬಿದ್ದಿದ್ದರಿಂದ ಹಣೆಯ ಮೇಲೆ ಒಂದು ಸಣ್ಣ ಓರೆ ನೆರಳು ಮಾತ್ರ ಹಾಕಿದೆ.

ಕೊನೆಗೆ ಮೂಲ ಲೇಯರನ್ನು ಎಲ್ಲಕ್ಕಿಂತ ಮೇಲೆ ತಂದು, ಅದರ ಕಣ್ಣಿನ ಗುರುತನ್ನು ಒತ್ತಿ ಒತ್ತಿ ತೋರಿಸುತ್ತಾ ಮರೆಮಾಡುತ್ತಾ ನೋಡಿ. ಬಟ್ಟೆ ಬದಲಾಗಬೇಕು, ಪಾದ, ಬೆರಳು, ಗಲ್ಲ, ಬಂಡೆ ಮಿಸುಕಬಾರದು. ಮೂಲದಲ್ಲಿ ಮರಳಿನಂಥ ಸಣ್ಣ ಕಣಗಳಿದ್ದು ಹೊಸ ತುಂಡುಗಳು ನುಣ್ಣಗಿದ್ದರೆ `RGB Noise` ತುಸು ಸೇರಿಸಿ. ಪೂರ್ತಿ ಪೋಸ್ಟರ್ ಅಚ್ಚಿಗೆ ಕೊಡುವ ಮುಂಚೆ ಕತ್ತು ಮತ್ತು ಭುಜದ ಭಾಗವನ್ನಷ್ಟೇ ನಿಜ ಅಳತೆಯಲ್ಲಿ ಒಂದು ಎ4 ಹಾಳೆಗೆ ಮುದ್ರಿಸಿ ನೋಡಿ. ನಮ್ಮದರಲ್ಲಿ ಎಡ ಪಟ್ಟಿಯ ಅಂಚಿನಲ್ಲಿ ಗೆಳೆಯನ ಮನೆಗೋಡೆಯ ಸಣ್ಣ ಬಿಳಿ ಗೆರೆ ಉಳಿದಿತ್ತು, ಪರದೆಯ ಮೇಲೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.